ಡಬ್ಬದ ಮೇಲಿನ ಹೆಸರು, ಲಿಂಕಿನ ಮೇಲಿನ ಹೆಸರು

ಮೊದಲು ಖರ್ಚು ಹೇಳಿಬಿಡುತ್ತೇನೆ. ಮೂರು ಕಿಲೋ ಬಟರ್‌ಸ್ಕಾಚ್ ಕೇಕು, ಹೋಗಿಬರುವ ಆಟೋ ಬಾಡಿಗೆ, ಸುಮಾರು ಮೂರು ವಾರ, ಜೊತೆಗೆ ನಂದಿನಿ ಲೇಔಟಿನ ಮೂರು ರಸ್ತೆಗಳು. ರಸ್ತೆ ಎಂದರೆ ಆ ರಸ್ತೆಯ ಗಿರಾಕಿಗಳು. ಇಷ್ಟನ್ನೂ ನನ್ನ ಕೈಯಿಂದ ಕಸಿದದ್ದು ಕಳ್ಳರಲ್ಲ, ಪೈಪೋಟಿಯ ಬೇಕರಿಯವರಲ್ಲ. ನಾನೇ ಆರಿಸಿ ನಾನೇ ಕಳಿಸಿದ ಒಂದು ಮೆಸೇಜು. ಯಾಕೆ ಕಳೆದುಕೊಂಡೆ ಎಂದರೆ, ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದರೆ ಅದರಲ್ಲಿ ಒಂದಷ್ಟು ದುಡ್ಡು ಸುಮ್ಮನೆ ಕೂತಿರಬೇಕಲ್ಲ ಎಂಬ ಲೆಕ್ಕಾಚಾರದಿಂದ.

ನಾನು ಬಸವೇಶ್ವರನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಮೊಟ್ಟೆಯಿಲ್ಲದ ಕೇಕು ಮಾಡಿ ಮಾರುತ್ತೇನೆ. ಯಾರೂ ಕೈಹಿಡಿದು ಕಲಿಸಿದ್ದಲ್ಲ. ಮೊದಲ ಓವನ್ ಸೆಕೆಂಡ್ ಹ್ಯಾಂಡ್, ಅದನ್ನೂ ಹೇಳಿದ ಬೆಲೆಗೆ ಕೊಳ್ಳಲಿಲ್ಲ. ಬಾಗಿಲಿನ ರಬ್ಬರು ಹೋಗಿದೆ ಎಂದು ತೋರಿಸಿ ಇಳಿಸಿಕೊಂಡೆ, ರಬ್ಬರನ್ನು ಆಮೇಲೆ ನಾನೇ ಹಾಕಿಸಿದೆ. ಕೇಕಿನ ಡಬ್ಬಗಳನ್ನು ನೂರರ ಕಟ್ಟಿನಲ್ಲಿ ತರುತ್ತೇನೆ, ಬೆಣ್ಣೆಯ ಅಂಗಡಿಯವನ ಜೊತೆ ತಿಂಗಳಿಗೊಮ್ಮೆ ಜಗಳವಾಡುತ್ತೇನೆ. ಡಬ್ಬದ ಮೇಲೆ ನನ್ನ ಬೇಕರಿಯ ಹೆಸರು, ಫೋನ್ ನಂಬರು, ಆಹಾರ ಇಲಾಖೆಯ ನೋಂದಣಿ ಸಂಖ್ಯೆ ಇರುವ ಗುಲಾಬಿ ಬಣ್ಣದ ಸ್ಟಿಕ್ಕರು. ಆ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಎಲ್ಲರಿಗೂ ನಾನು ಕೇಕ್ ಆಂಟಿ, ನನಗಿಂತ ವಯಸ್ಸಾದವರಿಗೂ.

ನನ್ನ ಗಂಡನಿಗೆ ಕಾಮಾಕ್ಷಿಪಾಳ್ಯದಲ್ಲಿ ಮೋಟಾರು ವೈಂಡಿಂಗ್ ಕೆಲಸ. ಸುಟ್ಟುಹೋದ ಪಂಪಿನ ಮೋಟಾರು, ಮಿಕ್ಸಿಯ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಅವರ ಅಂಗಡಿಯ ಹೆಸರು 'ಎಲೆಕ್ಟ್ರಿಕಲ್ಸ್' ಎಂದು ಮುಗಿಯುತ್ತದೆ. ಆ ಹೆಸರಿನಲ್ಲಿ ಒಂದು ಕರೆಂಟ್ ಅಕೌಂಟು ಮೊದಲಿನಿಂದ ಇತ್ತು. ಕತೆಗೆ ಇದು ಮುಖ್ಯ.

ಮೊದಲೆಲ್ಲ ಗಿರಾಕಿಗಳು ನನ್ನ ನಂಬರಿಗೆ ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು. ಹಬ್ಬದ ದಿನ ಇಪ್ಪತ್ತು ಸ್ಕ್ರೀನ್‌ಶಾಟ್ ಬಂದರೆ ಯಾವುದು ಯಾರದು ಎಂದು ಹುಡುಕುವುದರಲ್ಲಿ ಕ್ರೀಮು ಕರಗುತ್ತಿತ್ತು. ಹೋದ ವರ್ಷದ ಸ್ಕ್ರೀನ್‌ಶಾಟನ್ನೇ ಈ ವರ್ಷ ಕಳಿಸಿದವರೂ ಇದ್ದಾರೆ. ಹಾಗಾಗಿ ಪೇಮೆಂಟ್ ಲಿಂಕಿಗೆ ಬದಲಾದೆ. ಪೇಮೆಂಟ್ ಕಂಪನಿಯೊಂದರಲ್ಲಿ ನೋಂದಾಯಿಸಿಕೊಂಡರೆ, ಒಂದೊಂದು ಆರ್ಡರಿಗೆ ಒಂದೊಂದು ಲಿಂಕು ಮಾಡಬಹುದು. ಮೊತ್ತ ಮೊದಲೇ ತುಂಬಿರುತ್ತದೆ, ಇಂಥ ಹೊತ್ತಿನವರೆಗೆ ಮಾತ್ರ ನಡೆಯುತ್ತದೆ ಎಂದು ಗಡುವು ಹಾಕಬಹುದು, ದುಡ್ಡು ಬಂದ ಕೂಡಲೇ ಆ ಆರ್ಡರಿನ ಮುಂದೆ 'ಪಾವತಿಯಾಗಿದೆ' ಎಂದು ಬರುತ್ತದೆ. ಸ್ಕ್ರೀನ್‌ಶಾಟಿನ ಕಾಟವಿಲ್ಲ. ಸಣ್ಣ ಕಮಿಷನ್ ಹಿಡಿಯುತ್ತಾರೆ, ಹಿಡಿಯಲಿ.

ನೋಂದಾಯಿಸುವಾಗ ವ್ಯಾಪಾರದ ಬ್ಯಾಂಕ್ ಖಾತೆ ಕೇಳಿದರು. ಗಂಡನ ಅಂಗಡಿಯದು ಇತ್ತಲ್ಲ, ಅದನ್ನೇ ಕೊಟ್ಟೆ, ಅಂಗಡಿಯ ಕಾಗದಗಳನ್ನೂ ಕೊಟ್ಟೆ. 'ಎರಡು ಖಾತೆ ಯಾಕ್ರೀ, ದುಡ್ಡು ಮನೇಗೇ ತಾನೇ ಬರೋದು' ಎಂದೆ. ಅವರು 'ನಿನ್ನಿಷ್ಟ' ಎಂದು ಟಿವಿ ನೋಡುತ್ತಾ ಕೂತರು. ಜಾಣತನದ ಕೆಲಸ ಮಾಡಿದೆ ಎಂದುಕೊಂಡೆ.

ಅದೇ ವಾರ ಇನ್ನೊಂದು ಜಾಣತನ ಮಾಡಿದೆ. ಮನೆಗೆ ಬೇರೆ, ವ್ಯಾಪಾರಕ್ಕೆ ಬೇರೆ ನಂಬರಿರಲಿ ಎಂದು ಹೊಸ ಸಿಮ್ ಕೊಂಡೆ. ಗಿರಾಕಿಗಳು ಹಳೇ ನಂಬರಿಗೇ ಜೋತುಬೀಳುತ್ತಾರೆಂದು ಗೊತ್ತಿತ್ತು. ಗುರುವಾರ ಹಳೇ ಫೋನನ್ನು ಎರಡು ದಿನ ಆಫ್ ಮಾಡಿಟ್ಟೆ. ತಾವಾಗಿಯೇ ಹೊಸದಕ್ಕೆ ಬರಲಿ ಎಂದು.

ಮೆಸೇಜನ್ನು ಮನೆಬೇಕರಿಯವರ ಗುಂಪೊಂದರಿಂದ ಎತ್ತಿಕೊಂಡೆ. ಎಲ್ಲರೂ ಅದನ್ನೇ ಕಳಿಸುತ್ತಿದ್ದರು. ಅದು ಹೀಗಿತ್ತು:

'ಡಿಯರ್ ಕಸ್ಟಮರ್, ನಮ್ಮನ್ನು ಆಯ್ಕೆ ಮಾಡಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು!! ನಿಮ್ಮ ಆರ್ಡರ್ ಕನ್ಫರ್ಮ್ ಆಗಲು ಈ ಕೂಡಲೇ ಕೆಳಗಿನ ಲಿಂಕ್ ಒತ್ತಿ ಪೇಮೆಂಟ್ ಮಾಡಿ. ಎರಡು ಗಂಟೆಯೊಳಗೆ ಪೇಮೆಂಟ್ ಆಗದಿದ್ದಲ್ಲಿ ನಿಮ್ಮ ಆರ್ಡರ್ ಕ್ಯಾನ್ಸಲ್ ಆಗುತ್ತದೆ!! ಈ ಲಿಂಕ್ ನೂರಕ್ಕೆ ನೂರು ಸುರಕ್ಷಿತ. ಪಿನ್, ಓಟಿಪಿ ಏನೂ ಬೇಕಾಗಿಲ್ಲ, ಭಯಪಡಬೇಡಿ. ನಿಮ್ಮ ಸಂತೋಷವೇ ನಮ್ಮ ಸಂತೋಷ!!'

ನಡುನಡುವೆ ಕೇಕು, ಹೂವು, ಕೈಮುಗಿದ ಚಿತ್ರಗಳು. ಕೊನೆಗೆ 'ಕೇಕ್ ಆಂಟಿ' ಎಂದು ನಾನೇ ಸೇರಿಸಿದೆ. ನನಗೆ ಬಹಳ ಚೆನ್ನಾಗಿ ಕಂಡಿತು. ಶುಕ್ರವಾರ ಮಧ್ಯಾಹ್ನ, ಹೊಸ ನಂಬರಿನಿಂದ, ಇಬ್ಬರಿಗೆ ಕಳಿಸಿದೆ. ಮೊದಲನೆಯವರು ನಂದಿನಿ ಲೇಔಟಿನ ಒಬ್ಬ ಯಜಮಾನರು. ನನ್ನ ಹಳೇ ಗಿರಾಕಿ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಶನಿವಾರ ಸಂಜೆ ಅವರ ಹೆಂಡತಿಯ ಅರವತ್ತನೇ ಹುಟ್ಟುಹಬ್ಬ. ಮೂರು ಕಿಲೋ ಹೇಳಿದ್ದರು. ಆ ಮೂರು ರಸ್ತೆಗಳಲ್ಲಿ ನನಗೆ ಗಿರಾಕಿಗಳು ಹುಟ್ಟಿದ್ದೇ ಅವರ ಮನೆಯಿಂದ.

ಎರಡು ಗಂಟೆ ಕಳೆಯಿತು, ದುಡ್ಡು ಬರಲಿಲ್ಲ. ದುಡ್ಡು ಬಾರದೆ ಓವನ್ ಹಚ್ಚುವುದಿಲ್ಲ ಎಂಬುದು ನನ್ನ ನಿಯಮ. ಆದರೆ ಹಿರಿಯರು, ಮರೆತಿರಬಹುದು ಎಂದು ಆ ದಿನ ನಿಯಮ ಮುರಿದೆ. ಮಿಕ್ಸರಿನ ಸದ್ದಿನಲ್ಲಿ ಹೊಸ ಫೋನು ಡ್ರಾಯರಿನಲ್ಲಿತ್ತು, ಅದೂ ಸೈಲೆಂಟಿನಲ್ಲಿ.

ಶನಿವಾರ ಬೆಳಿಗ್ಗೆ ಕೇಕಿನ ಮೇಲೆ 'ಅರವತ್ತರ ಶುಭಾಶಯ' ಎಂದು ಬರೆದು ಮುಗಿಸಿ, ಹಳೇ ಫೋನ್ ಆನ್ ಮಾಡಿದೆ. ಆನ್ ಆದ ಐದು ನಿಮಿಷಕ್ಕೆ ನಂದಿನಿ ಲೇಔಟಿನ ಇನ್ನೊಬ್ಬ ಗಿರಾಕಿಯ ಕರೆ.

'ಆಂಟಿ, ನಿಮ್ ಫೋನ್ ಕಳುವಾಗಿತ್ತಾ? ಸಿಕ್ತಾ?'

'ಇಲ್ವಲ್ಲಮ್ಮಾ. ಯಾರು ಹೇಳಿದ್ದು?'

'ನಮ್ ಲೇಔಟ್ ಗ್ರೂಪಲ್ಲಿ ಬಂದಿದೆ ಆಂಟಿ. ನಿಮ್ ಹೆಸರಲ್ಲಿ ಯಾರೋ ಮೋಸದ ಲಿಂಕ್ ಕಳಿಸ್ತಿದಾರಂತೆ. ನನಗೂ ಬಂತು, ನಾನಂತೂ ಡಿಲೀಟ್ ಮಾಡ್ದೆ. ಭಾನುವಾರದ ಕೇಕ್ ಬೇರೆ ಕಡೆ ಹೇಳ್ಬಿಟ್ಟೆ, ತಪ್ಪು ತಿಳ್ಕೋಬೇಡಿ.'

ಗುಂಪಿನ ಆ ಸಾಲನ್ನು ಆಕೆ ನನಗೆ ಕಳಿಸಿದಳು. ನನ್ನ ಮೆಸೇಜಿನ ಚಿತ್ರ, ಅದರ ಮೇಲೆ ಯಜಮಾನರ ಬರಹ: 'ನಮ್ಮ ಕೇಕ್ ಆಂಟಿ ಹೆಸರಿನಲ್ಲಿ ವಂಚನೆ ಲಿಂಕ್ ಬರುತ್ತಿದೆ. ಅವರ ಫೋನ್ ಸ್ವಿಚ್ ಆಫ್ ಇದೆ. ಯಾರೂ ಒತ್ತಬೇಡಿ.' ಕೆಳಗೆ ನಲವತ್ತೋ ಐವತ್ತೋ ಕೈಮುಗಿದ ಚಿತ್ರಗಳು. ಅವರು ನನಗೆ ಕೇಡು ಬಗೆದಿರಲಿಲ್ಲ, ನನ್ನನ್ನು ಕಾಪಾಡುತ್ತಿದ್ದರು.

ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ. ಗೇಟು ತೆಗೆದವರೇ ಯಜಮಾನರು ನನ್ನನ್ನೂ ಡಬ್ಬವನ್ನೂ ನೋಡಿದರು.

'ಬನ್ನಿ ಅಮ್ಮಾ ಬನ್ನಿ. ಫೋನ್ ಸಿಕ್ತಾ? ಪೊಲೀಸ್ ಕಂಪ್ಲೇಂಟ್ ಕೊಟ್ರಾ?'

'ಸಾರ್, ಫೋನ್ ಎಲ್ಲೂ ಹೋಗಿರ್ಲಿಲ್ಲ. ಆ ಲಿಂಕ್ ಕಳಿಸಿದ್ದು ನಾನೇ.'

ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಒಳಗಿನಿಂದ ಅವರ ಹೆಂಡತಿ ಬಂದು ನೀರು ಕೊಟ್ಟರು. ಟೀಪಾಯಿಯ ಮೇಲೆ ಬೇರೊಂದು ಬೇಕರಿಯ ಕೇಕಿನ ಡಬ್ಬ ಇತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು.

'ನೀವೇ ಕಳಿಸಿದ್ದಾ?' ಎಂದರು ಯಜಮಾನರು. 'ಮೂವತ್ತಾರು ವರ್ಷ ಕ್ಯಾಷ್ ಕೌಂಟರಲ್ಲಿ ಕೂತಿದ್ದೀನಮ್ಮಾ. ಖೋಟಾ ನೋಟನ್ನ ಅಸಲಿ ಅಂತ ಕೊಡೋರನ್ನ ನೋಡಿದ್ದೀನಿ. ಅಸಲಿ ನೋಟನ್ನ ಖೋಟಾ ಥರ ಮಾಡಿ ಕೊಟ್ಟಿದ್ದು ನೀವೇ ಮೊದಲು.'

ಹೆಂಡತಿ ನಕ್ಕರು. ನಾನು ನಗಲಿಲ್ಲ.

ಅವರು ಕನ್ನಡಕ ಹಾಕಿಕೊಂಡು, ಫೋನು ತೆಗೆದು, ಚೆಕ್ಕಿನ ಸಹಿ ಪರೀಕ್ಷಿಸುವವರ ಹಾಗೆ ನನ್ನ ಮೆಸೇಜನ್ನು ಒಂದೊಂದು ಸಾಲು ಓದಿದರು.

'ಡಿಯರ್ ಕಸ್ಟಮರ್. ನನಗೆ ಹೆಸರಿಲ್ವಾ? ಏಳು ಕೇಕ್ ತಗೊಂಡಿದ್ದೀನಿ ನಿಮ್ಮ ಹತ್ರ.'

'ಇದೆ ಸಾರ್.'

'ಯಾವ ಕೇಕು, ಎಷ್ಟು ಕಿಲೋ, ಎಷ್ಟು ದುಡ್ಡು, ಏನೂ ಇಲ್ಲ. ಧನ್ಯವಾದ ಮಾತ್ರ ಇದೆ. ಕೂಡಲೇ ಒತ್ತಿ, ಎರಡು ಗಂಟೇಲಿ ಕ್ಯಾನ್ಸಲ್. ಹೆದರಿಸೋರು ಹಿಂಗೇ ಬರಿಯೋದು. ಆದ್ರೂ ನೀವೇ ಇರ್ಬಹುದು ಅಂತ ಹಳೇ ನಂಬರಿಗೆ ಮಾಡ್ದೆ, ಸ್ವಿಚ್ ಆಫ್. ಹೊಸದಕ್ಕೆ ಎರಡು ಸಲ ಮಾಡ್ದೆ, ಎತ್ತೋರಿಲ್ಲ. ಆದ್ರೂ ಒತ್ತಿದೆ.'

'ಒತ್ತಿದ್ರಾ?'

'ಒತ್ತಿದೆ. ಪೇಜ್ ತೆರೀತು. ಮೇಲೆ ಯಾರ ಹೆಸರು ಬಂತು ಹೇಳಿ?'

ನನಗೆ ಆ ಕ್ಷಣದವರೆಗೂ ಅದು ಹೊಳೆದಿರಲಿಲ್ಲ. ನನ್ನ ಲಿಂಕನ್ನು ನಾನು ಎಂದೂ ಗಿರಾಕಿಯಂತೆ ತೆರೆದು ನೋಡಿರಲಿಲ್ಲ.

'ಎಲೆಕ್ಟ್ರಿಕಲ್ಸ್,' ಎಂದರು ಯಜಮಾನರು. 'ಕೇಕಿಗೆ ಎಲೆಕ್ಟ್ರಿಕಲ್ಸ್. ಏನಮ್ಮಾ, ಕೇಕ್ ಒಳಗೆ ಮೋಟಾರ್ ಇಟ್ಟಿದ್ದೀರಾ?'

'ನಮ್ ಯಜಮಾನ್ರ ಅಂಗಡಿ ಅಕೌಂಟ್ ಸಾರ್ ಅದು.'

'ನನಗೆ ಹೆಂಗೆ ಗೊತ್ತಾಗ್ಬೇಕು? ಅದೂ ಆಯ್ತು. ಪಿನ್ ಬೇಕಾಗಿಲ್ಲ ಅಂತ ನೀವೇ ಬರೆದಿದ್ದೀರಿ. ಯುಪಿಐ ಆ್ಯಪಿಗೆ ಹೋದ್ರೆ ಪಿನ್ ಕೇಳ್ತು. ಪಿನ್ ಇಲ್ದೆ ದುಡ್ಡು ಹೆಂಗಮ್ಮಾ ಹೋಗುತ್ತೆ? ಕೊಡೋನು ಪಿನ್ ಹಾಕ್ಲೇಬೇಕು, ತನ್ನ ಆ್ಯಪಲ್ಲಿ. ಯಾರಿಗೂ ಹೇಳ್ಬಾರ್ದು ಅಷ್ಟೇ. ಬೇಡವೇ ಬೇಡ ಅಂದೋನು ಸುಳ್ಳು ಹೇಳ್ತಿದಾನೆ ಅಂತ ಮುಚ್ಬಿಟ್ಟೆ.'

ಅಷ್ಟು ಹೊತ್ತು ನಿಂತೇ ಇದ್ದ ಅವರ ಹೆಂಡತಿ ಆಗ ಕುರ್ಚಿಯಲ್ಲಿ ಕೂತರು. ಹೋದ ವರ್ಷ ನಡೆದದ್ದನ್ನು ಹೇಳಿದರು. 'ಬಿಲ್ ಕಟ್ಟಿಲ್ಲ, ಈ ರಾತ್ರಿ ನಿಮ್ಮ ಕರೆಂಟು ತೆಗೆಯುತ್ತೇವೆ' ಎಂದು ಒಂದು ಮೆಸೇಜು ಬಂದಿತ್ತಂತೆ. ಯಜಮಾನರು ಊರಲ್ಲಿರಲಿಲ್ಲ. ಗಾಬರಿಯಲ್ಲಿ ಲಿಂಕು ಒತ್ತಿ, ಅವನು ಹೇಳಿದಂತೆಲ್ಲ ಮಾಡಿದರಂತೆ. ಮೊಮ್ಮಗಳ ಓಲೆಗೆಂದು ಕೂಡಿಟ್ಟದ್ದು ಹೋಯಿತು.

'ಅವತ್ತಿಂದ ನಾನು ಫೋನಲ್ಲಿ ಹತ್ತು ರೂಪಾಯಿನೂ ಕಟ್ಟಿಲ್ಲ,' ಎಂದರು. 'ನಿನ್ನೆ ಇವರ ಫೋನಲ್ಲಿ ಆ ಎಲೆಕ್ಟ್ರಿಕಲ್ಸ್ ಅನ್ನೋದು ನೋಡಿ ಮತ್ತೆ ಅದೇ ಕರೆಂಟಿನ ಕಳ್ಳ ಅಂದ್ಕೊಂಡೆ. ನಾನೇ ಇವರಿಗೆ ಹೇಳಿದ್ದು, ಗ್ರೂಪಿಗೆ ಹಾಕಿ ಅಂತ.'

ಆದರೂ ಬಂದ ಕೆಲಸ ಬಿಡುವವಳಲ್ಲ ನಾನು. ಗುಂಪಿನಲ್ಲಿ ಬರೆದದ್ದನ್ನು ಅಳಿಸಿ ಎಂದು ಕೇಳಿದೆ. ಕೇಕನ್ನು ಅರ್ಧ ಬೆಲೆಗೆ ಬಿಡುತ್ತೇನೆ ಎಂದೆ. ಆಮೇಲೆ ದುಡ್ಡೇ ಬೇಡ ಎಂದೆ. ನನ್ನ ಜೀವನದಲ್ಲಿ ಅಷ್ಟು ಬೇಗ ಬೆಲೆ ಇಳಿಸಿದ್ದು ಅದೇ ಮೊದಲು.

'ಕೇಕಿನ ಮಾತಲ್ಲಮ್ಮಾ,' ಎಂದರು ಯಜಮಾನರು. 'ನಾನು ಕಂಡಿದ್ದು ಬರೆದೆ. ಕಾಣೋದು ಬದಲಾಗ್ಲಿ, ಇನ್ನೊಂದು ಸಲ ಬರೀತೀನಿ. ಅಳಿಸೋದಿಲ್ಲ. ಈಗ ಅಳಿಸಿದ್ರೆ ನಾಳೆ ನಿಜವಾದ ಕಳ್ಳ ಅದೇ ಥರ ಕಳಿಸಿದಾಗ, ಇದು ನಮ್ ಕೇಕ್ ಆಂಟಿದೇ ಅಂತ ಒತ್ತುತಾರೆ.'

'ಯಾವಾಗ ಬದಲಾಯ್ತು ಅಂತ ನೀವು ಒಪ್ತೀರಿ ಸಾರ್?'

ಅವರು ಯೋಚಿಸುತ್ತಿದ್ದಾಗ ಹೆಂಡತಿ ಹೇಳಿದರು: 'ನನಗೆ ಕಳಿಸಿ. ಇವರನ್ನ ಕೇಳ್ದೆ ನಾನೇ ಕಟ್ಟೋ ಹಾಗಿದ್ರೆ ಸರಿಯಾಗಿದೆ ಅಂತ.'

'ನೀನಾ?' ಎಂದರು ಯಜಮಾನರು.

'ಯಾಕ್ರೀ, ಕಳ್ಕೊಂಡೋಳು ನಾನು ತಾನೇ? ಪರೀಕ್ಷೆ ನಾನೇ ಮಾಡ್ತೀನಿ.'

ಕೇಕನ್ನು ವಾಪಸ್ ತಂದೆ. ಒಂದೇ ದಿನಕ್ಕೆ ಎರಡು ಕೇಕು ಏನು ಮಾಡಲಿ ಎಂದು ಅವರೇ ಹೇಳಿದರು, ನಾನೂ ಬಲವಂತ ಮಾಡಲಿಲ್ಲ. ಮೇಲಿನ ಬರಹವನ್ನು ಚಾಕುವಿನಿಂದ ಕೆರೆದು, ತುಂಡು ಮಾಡಿ, ಗಂಡನ ಅಂಗಡಿಯ ಸಾಲಿನಲ್ಲಿ ಲೇತ್ ಕೆಲಸದವರಿಗೆ, ಟೀ ಅಂಗಡಿಯವನಿಗೆ ಮಾರಿದೆ. ಬೆಣ್ಣೆಯ ದುಡ್ಡು ಹುಟ್ಟಿತು.

ಅಂದು ಸಂಜೆಯೇ ಗಂಡನ ಫೋನಿಗೆ ಒಂದು ರೂಪಾಯಿಯ ಲಿಂಕು ಕಳಿಸಿ, ಅವರ ಪಕ್ಕ ಕೂತು ತೆರೆಸಿ ನೋಡಿದೆ. ಪುಟದ ನೆತ್ತಿಯ ಮೇಲೆ ಅವರ ಅಂಗಡಿಯ ಹೆಸರು ದಪ್ಪ ಅಕ್ಷರಗಳಲ್ಲಿ ಕೂತಿತ್ತು.

'ಏನೇ ಇದು, ನನ್ ಅಂಗಡಿಗೆ ನಾನೇ ದುಡ್ಡು ಕಟ್ಬೇಕಾ?' ಎಂದರು.

'ಕಟ್ಟಿ ಸುಮ್ನೆ. ಒಂದು ರೂಪಾಯಿಗೆ ಇಷ್ಟು ಮಾತಾ?'

'ನಿನ್ನ ಗಂಡ ಅಲ್ವಾ, ಕಲ್ತಿದ್ದೀನಿ.'

ಸೋಮವಾರ ಬ್ಯಾಂಕಿಗೆ ಹೋದೆ. ಬೇಕರಿಯ ಹೆಸರಿನಲ್ಲಿ ಖಾತೆ ಬೇಕೆಂದರೆ ಆ ಹೆಸರಿರುವ ಎರಡು ದಾಖಲೆ ಕೇಳಿದರು. ಆಹಾರ ಇಲಾಖೆಯ ನೋಂದಣಿ ಪತ್ರ ಇತ್ತು. ಇನ್ನೊಂದಕ್ಕೆ ಸಣ್ಣ ಉದ್ಯಮದ ನೋಂದಣಿಯನ್ನು ಆನ್‌ಲೈನಿನಲ್ಲಿ ಮಾಡಿಸಿದೆ. ಅದಕ್ಕೆ ಶುಲ್ಕವಿಲ್ಲ, ಮಾಡಿಸಿಕೊಡುತ್ತೇನೆ ಎಂದು ಸೈಬರ್ ಅಂಗಡಿಯವನು ಐನೂರು ಕೇಳಿದ, ನಾನೇ ಕೂತು ತುಂಬಿದೆ. ಖಾತೆಯಾದ ಮೇಲೆ ಪೇಮೆಂಟ್ ಕಂಪನಿಯಲ್ಲಿ ಹೊಸದಾಗಿ ಬೇಕರಿಯ ಹೆಸರಿನಲ್ಲೇ ನೋಂದಾಯಿಸಿದೆ. ಅವರು ಕಾಗದ ನೋಡಿ ಒಪ್ಪುವುದಕ್ಕೆ ಇನ್ನಷ್ಟು ದಿನ. ಹೊಸ ಸಿಮ್ ತೆಗೆದೆಸೆದೆ. ಡಬ್ಬದ ಮೇಲಿದ್ದ ಹಳೇ ನಂಬರೇ ಮತ್ತೆ ವ್ಯಾಪಾರದ ನಂಬರಾಯಿತು.

ಈ ನಡುವೆ ನಂದಿನಿ ಲೇಔಟಿನಿಂದ ಒಂದು ಆರ್ಡರೂ ಬರಲಿಲ್ಲ. ಫೋನ್ ಮಾಡಿ ವಿವರಿಸಿದರೆ 'ಹೌದಾ ಆಂಟಿ, ಸರಿ ಆಂಟಿ' ಎನ್ನುತ್ತಿದ್ದರು. ಕೇಕು ಮಾತ್ರ ಹೇಳುತ್ತಿರಲಿಲ್ಲ. ನಾನು ವಂಚಕಿ ಎಂದು ಯಾರೂ ನಂಬಿರಲಿಲ್ಲ. ಸುಮ್ಮನೆ ಯಾಕೆ ಎಂದುಕೊಂಡಿದ್ದರು. ವ್ಯಾಪಾರ ಕೆಡಿಸಲು ಅಷ್ಟು ಸಾಕು.

ಕಾಯುವ ದಿನಗಳಲ್ಲಿ ಮೆಸೇಜು ಬರೆದೆ. ಬರೆದು ಯಜಮಾನರಿಗೆ ಫೋನಿನಲ್ಲಿ ಓದಿದೆ. ಮೊದಲನೆಯದು ಹದಿಮೂರು ಸಾಲು.

'ಇದೇನಮ್ಮಾ, ಸೈಟಿನ ಕ್ರಯಪತ್ರವಾ?' ಎಂದರು.

'ನಂಬಿಕೆ ಬರ್ಲಿ ಅಂತ ಸಾರ್.'

'ನಂಬಿ ನಂಬಿ ಅಂತ ಜಾಸ್ತಿ ಹೇಳಿದಷ್ಟೂ ಜನ ಹಿಂದೆ ಸರೀತಾರೆ. ಸುರಕ್ಷಿತ ಅನ್ನೋ ಪದ ತೆಗೀರಿ. ಭಯಪಡಬೇಡಿ ಅನ್ನೋದೂ ತೆಗೀರಿ.'

ತೆಗೆದೆ. ಧನ್ಯವಾದದ ಮೇಲೆ ಚೌಕಾಸಿ ನಡೆಯಿತು. ಮೊದಲಿಗಿರಲಿ ಎಂದೆ, ಬೇಡ ಎಂದರು. ದುಡ್ಡು ಬಂದ ಮೇಲೆ ಕಳಿಸುವ ರಸೀದಿಯಲ್ಲಿ ಹೇಳಿ ಎಂದರು, ಒಪ್ಪಿದೆ. ಪಿನ್ನಿನ ಸಾಲು ಬೇಡವೇ ಬೇಡ ಎಂಬುದು ನನ್ನ ವಾದ. ಅದರ ಬದಲು ಮೊತ್ತ ಮತ್ತು ಹೆಸರು ಸರಿಯಾಗಿವೆಯೇ ನೋಡಿ ಎನ್ನೋಣ, ಆಗ ಅವರ ಕಣ್ಣು ಸರಿಯಾದ ಜಾಗದಲ್ಲಿರುತ್ತದೆ ಎಂದೆ. ಅದಕ್ಕೆ ಅವರು ಒಪ್ಪಿದರು. ಗಡುವು ಇರಲಿ ಎಂದೆ. ಇರಲಿ, ಆದರೆ ಬೆದರಿಕೆಯಾಗಿ ಅಲ್ಲ, ಬಸ್ಸಿನ ಟೈಮು ಹೇಳುವ ಹಾಗೆ ಹೇಳಿ ಎಂದರು.

ಕೊನೆಗೆ ಫೋನ್ ನಂಬರಿಗೆ ಬಂದೆವು. ಅನುಮಾನ ಬಂದರೆ ಈ ನಂಬರಿಗೆ ಕರೆಮಾಡಿ ಎಂದು ನಂಬರು ಬರೆದಿದ್ದೆ.

'ಇದು ಯಾಕೆ?' ಎಂದರು.

'ವಿಚಾರಿಸ್ಲಿ ಅಂತ ಸಾರ್.'

'ಕಳ್ಳನೂ ಅವನ ನಂಬರ್ ಕೊಟ್ಟು ವಿಚಾರಿಸ್ಕೊಳ್ಳಿ ಅಂತಾನೆ. ಮೆಸೇಜನ್ನ ಅದೇ ಮೆಸೇಜಿಂದ ವಿಚಾರಿಸೋಕಾಗುತ್ತಾ? ಅವರ ಹತ್ರ ಮೊದಲೇ ಇರೋದು ಏನಾದ್ರೂ ಹೇಳಿ. ನಿಮ್ಮದು ಏನಿದೆ ಜನರ ಮನೇಲಿ?'

ಯೋಚಿಸಿದೆ. ಕೇಕು ತಿಂದು ಮುಗಿಸುತ್ತಾರೆ. ಉಳಿಯುವುದು ಡಬ್ಬ.

ಪೇಮೆಂಟ್ ಕಂಪನಿ ಒಪ್ಪಿದ ದಿನ, ಇನ್ನೊಮ್ಮೆ ಒಂದು ರೂಪಾಯಿಯ ಲಿಂಕು ಮಾಡಿ ಗಂಡನ ಫೋನಿನಲ್ಲಿ ತೆರೆದೆ. ಡಬ್ಬವನ್ನು ಪಕ್ಕದಲ್ಲಿ ಹಿಡಿದೆ. ಸ್ಟಿಕ್ಕರಿನ ಹೆಸರು, ಪುಟದ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ. ಆ್ಯಪಿನೊಳಗೆ ಹೋದ ಮೇಲೂ ಅದೇ.

ಯಜಮಾನರ ಹೆಂಡತಿಗೆ ಹಳೇ ನಂಬರಿನಿಂದ ಫೋನ್ ಮಾಡಿದೆ. ಏನು ಬೇಕು ಎಂದು ಕೇಳಿದೆ. ಅರ್ಧ ಕಿಲೋ ಬೆಣ್ಣೆ ಬಿಸ್ಕತ್ತು ಎಂದರು. ನಾನೂರು ರೂಪಾಯಿ, ಇನ್ನು ಹತ್ತು ನಿಮಿಷಕ್ಕೆ ಲಿಂಕು ಬರುತ್ತದೆ ಎಂದು ಹೇಳಿ ಇಟ್ಟೆ. ಕಳಿಸಿದ್ದು ಇಷ್ಟು, ಮೊದಲಿಗೆ ಅವರ ಹೆಸರು ಹಾಕಿ:

'ನಮಸ್ಕಾರ ಮೇಡಂ. ನಾನು ಬಸವೇಶ್ವರನಗರದ ಕೇಕ್ ಆಂಟಿ.
ಬೆಣ್ಣೆ ಬಿಸ್ಕತ್ತು ಅರ್ಧ ಕಿಲೋ, ಶನಿವಾರ ಸಂಜೆ 5ಕ್ಕೆ. ₹400.
ದುಡ್ಡು ಕಟ್ಟುವ ಲಿಂಕ್ ಕೆಳಗಿದೆ. ಶುಕ್ರವಾರ ರಾತ್ರಿ 8ರವರೆಗೆ ತೆರೆದಿರುತ್ತದೆ.
ತೆರೆದಾಗ ನನ್ನ ಕೇಕ್ ಡಬ್ಬದ ಮೇಲಿನ ಹೆಸರು, ಇದೇ ಮೊತ್ತ ಕಾಣಬೇಕು. ಬೇರೆ ಕಂಡರೆ ಕಟ್ಟಬೇಡಿ, ಡಬ್ಬದ ಮೇಲಿನ ನಂಬರಿಗೆ ಫೋನ್ ಮಾಡಿ.'

ಅದರ ಕೆಳಗೆ ಒಂದೇ ಸಾಲಾಗಿ ಲಿಂಕು, ಪೇಮೆಂಟ್ ಕಂಪನಿ ಕೊಟ್ಟ ಹಾಗೇ.

ಬುಧವಾರ ಹನ್ನೊಂದು ಗಂಟೆಗೆ ಕಳಿಸಿದ್ದು. ಓದಿದ್ದಾರೆ ಎನ್ನುವ ಎರಡು ನೀಲಿ ಗೆರೆ ಬಂದವು. ಹನ್ನೆರಡಾಯಿತು, ಒಂದಾಯಿತು. ಸ್ಪಾಂಜ್ ಅಳತೆ ತಪ್ಪಿ ಒಂದು ಟ್ರೇ ಹಾಳಾಯಿತು. ಎರಡೂವರೆಗೆ ಫೋನ್ ರಿಂಗಾಯಿತು. ಹಳೇ ಫೋನು, ಜೋರು ಸದ್ದಿನಲ್ಲೇ ಇಟ್ಟಿದ್ದೆ.

'ಯಾರು ಮಾತಾಡೋದು?' ಎಂದಿತು ದನಿ, ಅಪರಿಚಿತರನ್ನು ಕೇಳುವ ಹಾಗೆ.

'ನಾನು ಕೇಕ್ ಆಂಟಿ ಮೇಡಂ.'

'ಏನು ಹೇಳಿದ್ದೆ ನಾನು ನಿಮಗೆ?'

'ಅರ್ಧ ಕಿಲೋ ಬೆಣ್ಣೆ ಬಿಸ್ಕತ್ತು. ನಾನೂರು ರೂಪಾಯಿ.'

'ಹೂಂ. ಹೂಬತ್ತಿ ಹಾಕಿಡೋಕೆ ನಿಮ್ಮ ಡಬ್ಬ ಇಟ್ಕೊಂಡಿದ್ದೆ. ದೇವರ ಮನೇಲಿತ್ತು, ಹತ್ತಿಯೆಲ್ಲ ತೆಗೆದು ನೋಡಿ ನಂಬರ್ ಒತ್ತಿದೆ. ನಿಮ್ಮ ನಂಬರ್ ಫೋನಲ್ಲಿ ಇತ್ತು, ಆದ್ರೆ ಡಬ್ಬ ನೋಡಿ ಅಂತ ಬರೆದಿದ್ರಲ್ಲ.'

ಫೋನ್ ಇಟ್ಟರು. ಕೈ ಒರೆಸಿಕೊಂಡು ಕೂತೆ. ಆರೇಳು ನಿಮಿಷಕ್ಕೆ ಆ ಆರ್ಡರಿನ ಮುಂದೆ 'ಪಾವತಿಯಾಗಿದೆ' ಎಂದು ಬಂತು. ನಾನೂರು ರೂಪಾಯಿಯನ್ನು ಅಷ್ಟು ಹೊತ್ತು ನೋಡುತ್ತಾ ಕೂತದ್ದು ಅದೇ ಮೊದಲು. ರಸೀದಿ ಕಳಿಸಿದೆ, ಅದರಲ್ಲಿ ಧನ್ಯವಾದ ಹೇಳಿದೆ.

ಸಂಜೆ ಲೇಔಟ್ ಗುಂಪಿನಲ್ಲಿ ಯಜಮಾನರು ಬರೆದದ್ದನ್ನು ಅಂದು ಫೋನ್ ಮಾಡಿದ್ದ ಗಿರಾಕಿಯೇ ನನಗೆ ಕಳಿಸಿದಳು: 'ಕೇಕ್ ಆಂಟಿಯ ಲಿಂಕ್ ಪರಿಶೀಲಿಸಿದೆ, ಅಸಲಿ. ಹಿಂದಿನದೂ ಅವರದೇ, ಬರೆದದ್ದು ಸರಿ ಇರಲಿಲ್ಲ. ಡಬ್ಬದ ಮೇಲಿನ ಹೆಸರು ಕಂಡರೆ ಮಾತ್ರ ಕಟ್ಟಿ. ನಮ್ಮ ಮನೆಯವರು ಕಟ್ಟಿದ್ದಾರೆ.' ಹಿಂದಿನ ಬರಹವನ್ನು ಅಳಿಸಲಿಲ್ಲ. ಎರಡೂ ಈಗಲೂ ಅಲ್ಲಿವೆ. ಕೊನೆಯ ಮೂರು ಪದಗಳು ಬಹಳ ಕೆಲಸ ಮಾಡಿದವು ಎಂದು ನನ್ನ ಅಂದಾಜು. ಆಕೆ ಕಳೆದುಕೊಂಡ ಸಂಗತಿ ಆ ಮೂರು ರಸ್ತೆಗೂ ಗೊತ್ತಿತ್ತು.

ಎರಡು ರಸ್ತೆ ವಾಪಸ್ ಬಂದವು. ಮೂರನೆಯದರಲ್ಲಿ ಅಷ್ಟರೊಳಗೆ ಉಲ್ಲಾಳದ ಕಡೆಯ ಇನ್ನೊಬ್ಬಾಕೆ ಕಾಲೂರಿದ್ದಳು. ಅವಳ ಮೆಸೇಜನ್ನು ಯಾರೋ ತೋರಿಸಿದರು. 'ಡಿಯರ್ ಕಸ್ಟಮರ್' ಎಂದೇ ಶುರುವಾಗುತ್ತದೆ.

ನೀವು ಮನೆಯಿಂದ ಏನಾದರೂ ಮಾಡಿ ಮಾರುವವರಾದರೆ, ಕೇಕೋ ಚಕ್ಕುಲಿಯೋ ಕುಚ್ಚು ಹಾಕಿದ ಸೀರೆಯೋ, ಮೊದಲು ನಿಮಗೆ ನೀವೇ ಒಂದು ರೂಪಾಯಿಯ ಲಿಂಕು ಕಳಿಸಿಕೊಳ್ಳಿ. ನಿಮ್ಮ ಫೋನಿನಲ್ಲಿ ನೋಡಬೇಡಿ, ಮನೆಯ ಇನ್ನೊಬ್ಬರ ಫೋನಿನಲ್ಲಿ ಕೊನೆಯವರೆಗೂ ಹೋಗಿ ನೋಡಿ. ಅಲ್ಲಿ ಕಾಣುವ ಹೆಸರು ಗಿರಾಕಿ ಬಲ್ಲ ಹೆಸರಲ್ಲದಿದ್ದರೆ, ಬೇರೆಲ್ಲ ಬಿಟ್ಟು ಮೊದಲು ಖಾತೆ ಸರಿಮಾಡಿಸಿ. ಅದರಲ್ಲಿ ಉಳಿತಾಯ ನೋಡಬೇಡಿ, ನಾನು ನೋಡಿದ್ದು ಸಾಕು. ಅಷ್ಟರವರೆಗೆ ದಾರಿಯಿಲ್ಲದಿದ್ದರೆ, ಇಂಥ ಹೆಸರು ಬರುತ್ತದೆ, ಅದು ನಮ್ಮವರದು ಎಂದು ಫೋನಿನಲ್ಲಿ ಮೊದಲೇ ಹೇಳಿ. ಕಳಿಸುವ ಮುನ್ನ ಕರೆ ಮಾಡಿ. ಗಿರಾಕಿಯ ಹೆಸರು, ಸಾಮಾನು, ದಿನ, ಮೊತ್ತ ಬರೆಯಿರಿ. ನಿಮ್ಮನ್ನು ನೀವು ಹೊಗಳಿಕೊಳ್ಳುವ ಪದಗಳನ್ನೆಲ್ಲ ಹೊಡೆದುಹಾಕಿ. ಲಿಂಕನ್ನು ಇನ್ನಷ್ಟು ಗಿಡ್ಡ ಮಾಡಲು ಹೋಗಬೇಡಿ, ಕಂಪನಿ ಕೊಟ್ಟದ್ದನ್ನೇ ಇಡಿ. ಲಿಂಕು ಕಳಿಸಿದ ಹೊತ್ತಿನಲ್ಲಿ ಫೋನನ್ನು ಡ್ರಾಯರಿನಲ್ಲಿಡಬೇಡಿ.

ಇನ್ನು ಡಬ್ಬ. ಅದರ ಮೇಲಿನ ಸ್ಟಿಕ್ಕರು ಒಳ್ಳೆಯ ಗೋಂದಿನದಾಗಿರಲಿ, ಅಕ್ಷರ ದಪ್ಪಗಿರಲಿ, ನಂಬರು ಎಂದೂ ಬದಲಾಗದಿರಲಿ. ನಾನು ಈಗ ನೂರು ಸ್ಟಿಕ್ಕರಿಗೆ ಮೂವತ್ತು ರೂಪಾಯಿ ಹೆಚ್ಚು ಕೊಟ್ಟು, ನೀರು ಬಿದ್ದರೂ ಅಳಿಸದ್ದನ್ನು ತರುತ್ತೇನೆ. ಅಂಗಡಿಯವನು ನಲವತ್ತು ಕೇಳಿದ್ದ.